ಮುಗಿಯದ ಮನೆ, ಮತ್ತೊಂದು ಗಡುವು: ಕಂಟ್ರಾಕ್ಟರಿಗೆ ಬರೆಯುವ ಪತ್ರ

ಮೌಲ್ಡ್ ಹಾಕುವ ದಿನ ಮನೆಯ ಮುಂದೆ ಜಾತ್ರೆಯಷ್ಟು ಜನ ಇರುತ್ತಾರೆ. ಮಿಕ್ಸರ್ ತಿರುಗುತ್ತಿರುತ್ತದೆ, ಮೇಸ್ತ್ರಿ ಕೂಗುತ್ತಿರುತ್ತಾನೆ, ಮಾಲೀಕರು ಎಲ್ಲರಿಗೂ ಊಟ ಹಾಕಿಸುತ್ತಾರೆ. ಅದೇ ಮನೆಯನ್ನು ಐದಾರು ತಿಂಗಳು ಬಿಟ್ಟು ನೋಡಿದರೆ ಬಚ್ಚಲುಮನೆಯಲ್ಲಿ ಒಬ್ಬ ಟೈಲ್ಸ್ ಕೂರಿಸುತ್ತಿರುತ್ತಾನೆ, ಅಥವಾ ಅವನೂ ಇರುವುದಿಲ್ಲ. ಮನೆ ಕಟ್ಟುವ ಕೆಲಸ ತಡವಾಗುವುದು ಹೆಚ್ಚಾಗಿ ಈ ಕೊನೆಯ ಹಂತದಲ್ಲಿ. ಗೋಡೆ ಎದ್ದಿರುತ್ತದೆ, ಮೇಲೆ ಸೂರಿದೆ, ದೂರದಿಂದ ನೋಡುವವರಿಗೆ ಮನೆ ಆದಂತೆಯೇ ಕಾಣುತ್ತದೆ. ಒಳಗೆ ಮಾತ್ರ ವಾಸ ಮಾಡಲು ಆಗುವುದಿಲ್ಲ.

ಕಂಟ್ರಾಕ್ಟರ್ ಹೇಳುವ ಕಾರಣಗಳು ಎಲ್ಲರಿಗೂ ಗೊತ್ತು. ಲೇಬರ್ ಊರಿಗೆ ಹೋಗಿದ್ದಾರೆ, ಎಂ ಸ್ಯಾಂಡ್ ಬಂದಿಲ್ಲ, ಮಳೆ ಬಿಡುತ್ತಿಲ್ಲ. ಇವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಇವುಗಳ ಹಿಂದೆ ಇನ್ನೊಂದು ಕಾರಣ ಇರುತ್ತದೆ, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಲ್ಲಿ ಚದರಡಿ ಲೆಕ್ಕದ ಕರಾರಿನಲ್ಲಿ ಕಂತುಗಳು ಪಾಯ, ಲಿಂಟಲ್, ಮೌಲ್ಡ್ ಎಂದು ಕಟ್ಟಡದ ಎತ್ತರಕ್ಕೆ ಕಟ್ಟಿಕೊಂಡಿರುತ್ತವೆ. ಮೌಲ್ಡ್ ಆಗಿ ಒಳಗಿನ ಗಾರೆ ಮುಗಿಯುವ ಹೊತ್ತಿಗೆ ಮಾಲೀಕರ ಕೈಯಿಂದ ಹಣದ ದೊಡ್ಡ ಪಾಲು ಹೋಗಿರುತ್ತದೆ. ಉಳಿದಿರುವುದು ನೆಲ, ಬಾಗಿಲು, ವೈರಿಂಗ್, ನಲ್ಲಿ, ಬಣ್ಣ. ಇವು ಒಂದೊಂದಕ್ಕೂ ಬೇರೆ ಬೇರೆ ಜನ ಬೇಕು, ಸಾಮಾನು ದುಬಾರಿ, ಬರುವ ಕಂತು ಚಿಕ್ಕದು. ಅದೇ ಹೊತ್ತಿಗೆ ಬೇರೆ ಬಡಾವಣೆಯಲ್ಲಿ ಹೊಸ ಸೈಟಿನ ಪಾಯದ ಅಡ್ವಾನ್ಸ್ ಕಾದಿರುತ್ತದೆ. ಗುಂಪು ಅತ್ತ ಹೋಗುತ್ತದೆ.

ಆದ್ದರಿಂದ ಮಾಲೀಕರು ಬರೆಯುವ ಪತ್ರ ಬರೀ ಸಿಟ್ಟಿನದಾದರೆ ಅದರಿಂದ ಏನೂ ಆಗದು. ಉಳಿದ ಕೆಲಸವನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ, ಉಳಿದ ಹಣವನ್ನು ಆ ಕ್ರಮಕ್ಕೆ ಕಟ್ಟಿ, ಈವರೆಗೆ ಆದ ನಷ್ಟದ ಹಕ್ಕನ್ನು ಕೈಬಿಡದೆ ಬರೆದ ಪತ್ರಕ್ಕೆ ಮಾತ್ರ ಬಲ ಇರುತ್ತದೆ. ಅದು ಹೇಗೆ ಎಂದು ನೋಡಲು ಒಂದು ಉದಾಹರಣೆಯ ಮನೆಯನ್ನು ಇಟ್ಟುಕೊಳ್ಳೋಣ.

ಮೈಸೂರಿನ ಹೊರವಲಯ, ಮೂವತ್ತು ನಲವತ್ತರ ಸೈಟು, ಕೆಳಗೂ ಮೇಲೂ ಸೇರಿ 1,800 ಚದರಡಿ. ಚದರಡಿಗೆ 2,100 ರೂಪಾಯಿಯಂತೆ ಸಾಮಾನು ಸಮೇತ ಗುತ್ತಿಗೆ, ಒಟ್ಟು 37,80,000. ಕರಾರು ಪತ್ರಕ್ಕೆ ಸಹಿ ಬಿದ್ದದ್ದು 2024ರ ಡಿಸೆಂಬರಿನಲ್ಲಿ, ಮನೆ ಒಪ್ಪಿಸಬೇಕಾಗಿದ್ದದ್ದು 2025ರ ಸೆಪ್ಟೆಂಬರ್ 30ಕ್ಕೆ. ಆ ದಿನ ಬಂದಾಗ ಕಂಟ್ರಾಕ್ಟರ್ ದಸರಾ ಮುಗಿಯಲಿ ಎಂದರು. ದಸರಾ ಆದ ಮೇಲೆ ದೀಪಾವಳಿ ಕಳೆಯಲಿ ಎಂದರು. ಆಮೇಲೆ ನವೆಂಬರ್ ಹತ್ತರೊಳಗೆ ಎಂದರು. ನವೆಂಬರ್ ಹತ್ತಕ್ಕೆ ಎರಡು ಬದಿಯ ಹೊರಗೋಡೆಗೆ ಗಾರೆಯೇ ಆಗಿಲ್ಲ. ಬಚ್ಚಲುಮನೆಗಳ ವಾಟರ್‌ಪ್ರೂಫಿಂಗ್, ಇಡೀ ಮನೆಯ ಟೈಲ್ಸ್, ಮೆಟ್ಟಿಲಿನ ಗ್ರಾನೈಟ್, ಬಾಗಿಲಿನ ಹಲಗೆಗಳು, ವೈರ್ ಎಳೆಯುವುದು, ನಲ್ಲಿ ಮತ್ತು ಕಮೋಡ್, ಪುಟ್ಟಿ, ಬಣ್ಣ ಎಲ್ಲವೂ ಬಾಕಿ. ಮಾಲೀಕರು ಕೊಟ್ಟಿರುವುದು 32 ಲಕ್ಷ, ಉಳಿದಿರುವುದು 5,80,000.

ಪತ್ರ ಬರೆಯಲು ಕೂರುವ ಮೊದಲು ಒಂದು ಲೆಕ್ಕ ಆಗಬೇಕು. ಉಳಿದ ಕೆಲಸವನ್ನು ಬೇರೆಯವರಿಂದ ಮಾಡಿಸಿದರೆ ಎಷ್ಟಾಗುತ್ತದೆ? ಈ ಮಾಲೀಕರು ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ ಕೋಣೆಕೋಣೆಯಾಗಿ ಅಳತೆ ಹಿಡಿಸಿದರು. ಹೊರಗಿನ ದರದಲ್ಲಿ 7,40,000 ಎಂದು ಬಂತು. ಕೈಯಲ್ಲಿ ಇರುವ ಬಾಕಿಗಿಂತ 1,60,000 ಹೆಚ್ಚು. ಈ ಒಂದು ಅಂಕಿ ಇಡೀ ಪತ್ರದ ಧಾಟಿಯನ್ನು ತೀರ್ಮಾನಿಸುತ್ತದೆ. ಕೆಲಸ ನಿಲ್ಲಿಸಿ ಹೊರಟುಹೋಗಿ ಎಂದು ಮಾಲೀಕರು ಬರೆದರೆ ತಕ್ಷಣಕ್ಕೆ ನಷ್ಟ ಅವರದೇ. ಕಂಟ್ರಾಕ್ಟರಿಗೆ ತನ್ನದೇ ಗುಂಪು, ತನ್ನದೇ ಅಂಗಡಿಗಳು ಇರುವುದರಿಂದ ಅವರಿಗೆ ಅದೇ ಕೆಲಸ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಅವರಿಗೆ ಮುಗಿಸುವುದರಲ್ಲಿ ಸ್ವಲ್ಪವಾದರೂ ಲಾಭ ಕಾಣಬೇಕು, ಬಿಟ್ಟುಹೋಗುವುದರಲ್ಲಿ ನಷ್ಟ ಕಾಣಬೇಕು. ಹಾಗೆಯೇ ಇನ್ನೊಂದು ಮಾತು: ಈ ಸ್ಥಿತಿಯಲ್ಲಿ ಕಂಟ್ರಾಕ್ಟರ್ ಕೇಳುವ ಹೊಸ ಅಡ್ವಾನ್ಸ್ ಕೊಟ್ಟರೆ ಬಾಕಿ ಇನ್ನೂ ಕುಗ್ಗಿ, ಬಿಟ್ಟುಹೋಗುವುದು ಅವರಿಗೆ ಇನ್ನಷ್ಟು ಸುಲಭವಾಗುತ್ತದೆ. ಸರ್ ಒಂದೂವರೆ ಲಕ್ಷ ಕೊಡಿ, ಟೈಲ್ಸ್ ತರಿಸಿಬಿಡ್ತೀನಿ ಎನ್ನುವ ಮಾತಿಗೆ ಸರಿಯಾದ ಉತ್ತರ ಟೈಲ್ಸ್ ಅಂಗಡಿಗೆ ಮಾಲೀಕರೇ ನೇರವಾಗಿ ಹಣ ಕಟ್ಟಿ, ಅದನ್ನು ಕಂತಿನಲ್ಲಿ ಕಳೆದುಕೊಳ್ಳುವುದು. ಸಾಮಾನು ತಮ್ಮ ಮನೆಗೇ ಬರುತ್ತದೆ, ಹೊಸ ಸೈಟಿನ ಪಾಯಕ್ಕೆ ಹೋಗುವುದಿಲ್ಲ.

ಎರಡನೆಯ ಲೆಕ್ಕ ತಡದ್ದು. ಯಾರಿಂದ ಎಷ್ಟು ದಿನ? ಮಾಲೀಕರು ಈ ಲೆಕ್ಕದಲ್ಲಿ ತಮ್ಮ ಪಾಲನ್ನು ಮುಚ್ಚಿಡಬಾರದು. ನಮ್ಮ ಉದಾಹರಣೆಯಲ್ಲಿ ಅಡುಗೆಮನೆಯ ಗೋಡೆಯನ್ನು ಮಧ್ಯದಲ್ಲಿ ಸರಿಸಲು ಹೇಳಿದ್ದರಿಂದ ಒಂಬತ್ತು ದಿನ ಹೋಗಿದೆ, ಟೈಲ್ಸ್ ಯಾವುದೆಂದು ತೀರ್ಮಾನಿಸುವಲ್ಲಿ ಹನ್ನೆರಡು ದಿನ ಹೋಗಿದೆ. ಮಳೆಯಿಂದ ಹೊರಗೋಡೆ ಕೆಲಸ ನಿಂತದ್ದು ಏಳು ದಿನ. ಒಟ್ಟು ಇಪ್ಪತ್ತೆಂಟು ದಿನ ಕಂಟ್ರಾಕ್ಟರ್ ತಪ್ಪಲ್ಲ. ಅದನ್ನು ಸೆಪ್ಟೆಂಬರ್ 30ಕ್ಕೆ ಸೇರಿಸಿದರೆ ನ್ಯಾಯವಾದ ಗಡುವು ಅಕ್ಟೋಬರ್ 28 ಆಗುತ್ತದೆ. ಇದನ್ನು ಪತ್ರದಲ್ಲಿ ಬರೆದರೆ ಕೈ ಸಡಿಲವಾಗುತ್ತದೆ ಎಂದು ಹಲವರು ಹೆದರುತ್ತಾರೆ. ಆಗುವುದು ಇದರ ತಿರುವುಮುರುವು. ನಾಳೆ ಈ ಪತ್ರವನ್ನು ಮೂರನೆಯವರು ಯಾರಾದರೂ ಓದಿದರೆ, ಉಳಿದ ದಿನಗಳ ಲೆಕ್ಕವನ್ನು ಅವರು ನಂಬುವುದು ಈ ಇಪ್ಪತ್ತೆಂಟು ದಿನಗಳನ್ನು ಒಪ್ಪಿಕೊಂಡಿರುವುದರಿಂದಲೇ. ಕಂಟ್ರಾಕ್ಟರಿಗೂ ವಾದ ಮಾಡಲು ಉಳಿಯುವ ಜಾಗ ಕಡಿಮೆ.

ಇನ್ನು ಕಾನೂನಿನ ಮಾತು. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಂ ಇಲ್ಲಿ ಮುಖ್ಯ, ಮನೆ ಕಟ್ಟಿಸುವವರಿಗೆ ಅದು ಬಹಳ ಕಡಿಮೆ ಗೊತ್ತು. ಹೇಳಿದ ವೇಳೆಗೆ ಕೆಲಸ ಮುಗಿಸುವುದೇ ಕರಾರಿನ ಜೀವಾಳವಾಗಿದ್ದರೆ, ವೇಳೆ ತಪ್ಪಿದಾಗ ಕರಾರನ್ನೇ ರದ್ದು ಮಾಡುವ ಹಕ್ಕು ಇನ್ನೊಬ್ಬರಿಗೆ ಬರುತ್ತದೆ. ಹಾಗಲ್ಲದಿದ್ದರೆ ರದ್ದು ಮಾಡುವಂತಿಲ್ಲ, ತಡದಿಂದಾದ ನಷ್ಟಕ್ಕೆ ಪರಿಹಾರ ಕೇಳಬಹುದು. ಅದೇ ಕಲಮಿನ ಕೊನೆಯಲ್ಲಿ ಇನ್ನೊಂದು ಮಾತಿದೆ: ರದ್ದು ಮಾಡುವ ಹಕ್ಕಿದ್ದೂ ತಡವಾದ ಕೆಲಸವನ್ನು ಒಪ್ಪಿಕೊಳ್ಳುವವರು, ಒಪ್ಪಿಕೊಳ್ಳುವ ಹೊತ್ತಿನಲ್ಲೇ ಪರಿಹಾರ ಕೇಳುವ ಉದ್ದೇಶವನ್ನು ತಿಳಿಸದಿದ್ದರೆ, ಆಮೇಲೆ ಕೇಳುವಂತಿಲ್ಲ. ಹೊಸ ಗಡುವು ಕೊಟ್ಟು ಬರೆಯುವ ಪತ್ರ ತಡವಾದ ಕೆಲಸವನ್ನು ಒಪ್ಪಿಕೊಳ್ಳುವ ಪತ್ರವೇ ಅಲ್ಲವೇ? ಹೀಗಾಗಿ ಆಯಿತು, ಜನವರಿಯೊಳಗೆ ಮುಗಿಸಿಕೊಡಿ ಎಂದಷ್ಟೇ ಬರೆದು ಸುಮ್ಮನಾದ ಮಾಲೀಕರು ನಷ್ಟ ಕೇಳುವ ದಾರಿಯನ್ನು ತಾವೇ ಮುಚ್ಚಿಕೊಳ್ಳಬಹುದು. ಒಂದೇ ಒಂದು ವಾಕ್ಯ ಸೇರಿಸಿದರೆ ಆ ದಾರಿ ತೆರೆದಿರುತ್ತದೆ.

ಕಟ್ಟಡದ ಗುತ್ತಿಗೆಗಳಲ್ಲಿ ವೇಳೆಯೇ ಜೀವಾಳ ಎಂದು ನ್ಯಾಯಾಲಯಗಳು ಸುಲಭವಾಗಿ ಒಪ್ಪುವುದಿಲ್ಲ. ಹಿಂದ್ ಕನ್‌ಸ್ಟ್ರಕ್ಷನ್ ಕಂಟ್ರಾಕ್ಟರ್ಸ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1979ರಲ್ಲಿ ಇದನ್ನು ಹೇಳಿತು. ಅಲ್ಲಿ ಹನ್ನೆರಡು ತಿಂಗಳಲ್ಲಿ ಮುಗಿಸಬೇಕಾಗಿದ್ದ ಕಾಮಗಾರಿ ಮುಗಿಯಲಿಲ್ಲ ಎಂದು ಸರ್ಕಾರ ಗುತ್ತಿಗೆಯನ್ನು ರದ್ದು ಮಾಡಿತ್ತು. ಕರಾರಿನಲ್ಲಿ ತಡಕ್ಕೆ ದಂಡವೂ ಅವಧಿ ವಿಸ್ತರಣೆಯೂ ಇದ್ದುದರಿಂದ ವೇಳೆ ಅದರ ಜೀವಾಳವಲ್ಲ, ರದ್ದತಿ ತಪ್ಪು ಎಂದು ಕೋರ್ಟು ತೀರ್ಮಾನಿಸಿತು. ಸಾಕಷ್ಟು ಸಮಯ ಕೊಟ್ಟು, ಈ ದಿನದೊಳಗೆ ಮುಗಿಯಲೇಬೇಕೆಂದು ನೋಟಿಸ್ ಕೊಟ್ಟಿದ್ದರೆ ಮಾತು ಬೇರೆ ಇರುತ್ತಿತ್ತು. ಮನೆ ಮಾಲೀಕರಿಗೆ ಇದರಲ್ಲಿ ಇರುವ ಪಾಠ ನೇರವಾಗಿದೆ. ಗಡುವು ದಾಟಿದ ಮರುದಿನವೇ ಬೀಗ ಹಾಕಿ ಬೇರೆಯವರನ್ನು ಕರೆತಂದರೆ ತಪ್ಪು ತಮ್ಮ ತಲೆಗೆ ಬರಬಹುದು. ಮೊದಲು ನ್ಯಾಯವಾದ ಹೊಸ ಗಡುವು, ಅದೂ ಬರಹದಲ್ಲಿ.

ಹೊಸ ಗಡುವು ಹೇಗೆ ನ್ಯಾಯವಾಗುತ್ತದೆ? ಒಂದು ದಿನಾಂಕವನ್ನು ಆರಿಸಿ ಬರೆದರೆ ಆಗುವುದಿಲ್ಲ. ಯಾವ ಕೆಲಸ ಯಾವುದಕ್ಕೆ ಕಾಯುತ್ತದೆ ಎಂದು ಹಿಂದಿನಿಂದ ಎಣಿಸಿಕೊಂಡು ಬರಬೇಕು. ಬಣ್ಣ ಬಳಿಯುವವರನ್ನು ನಾಲ್ಕು ಜನ ಹೆಚ್ಚು ಹಾಕಿದರೆ ಬಣ್ಣ ಬೇಗ ಮುಗಿಯಬಹುದು, ಆದರೆ ಹಸಿ ಗಾರೆ ಅದರಿಂದ ಬೇಗ ಒಣಗುವುದಿಲ್ಲ. ಹೊಸ ಗಾರೆಗೆ ಒಂದು ವಾರ ನೀರು ಹಾಕಿ ಕ್ಯೂರಿಂಗ್ ಮಾಡಬೇಕು, ಆಮೇಲೆ ಒಣಗಲು ಬಿಡಬೇಕು. ಬಣ್ಣಕ್ಕೆ ಮೊದಲು ಗಾರೆಗೆ ಸುಮಾರು ನಾಲ್ಕು ವಾರ ಆಗಿರಬೇಕು ಎಂಬುದು ಈ ಕೆಲಸದಲ್ಲಿ ಎಲ್ಲರೂ ಒಪ್ಪಿದ ಲೆಕ್ಕ. ಅವಸರ ಮಾಡಿದ್ದು ಮೊದಲ ಮಳೆಗಾಲದ ಹೊತ್ತಿಗೆ ಗೊತ್ತಾಗುತ್ತದೆ: ಗೋಡೆಯಲ್ಲಿ ಬಿಳಿ ಉಪ್ಪು ಬಿಡುತ್ತದೆ, ಬಣ್ಣ ಗುಳ್ಳೆ ಎದ್ದು ಪದರ ಪದರವಾಗಿ ಕಳಚುತ್ತದೆ. ಗಾರೆಯೇ ಸರಿಯಾಗಿ ಹಿಡಿದಿಲ್ಲ ಎಂಬುದನ್ನು ತಿಳಿಯಲು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ ತೆಗೆಸಿ ಮತ್ತೆ ಮಾಡಿಸಬೇಕು. ಟೈಲ್ಸಿಗೂ ಇದೇ ಪರೀಕ್ಷೆ.

ತಡವಾದ ಮನೆಯಲ್ಲಿ ಅತಿ ಹೆಚ್ಚು ಹಾರಿಸಿಬಿಡುವ ಹೆಜ್ಜೆ ಬಚ್ಚಲುಮನೆಯದು. ವಾಟರ್‌ಪ್ರೂಫಿಂಗ್ ಬಳಿದು ಒಣಗಿದ ಮೇಲೆ ಹೊರಹೋಗುವ ಪೈಪಿಗೆ ಬಿರಡೆ ಹಾಕಿ ನೆಲದಲ್ಲಿ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆದು ಎರಡು ದಿನ ಬಿಡಬೇಕು. ಕೆಳಗಿನ ಕೋಣೆಯ ಸೂರಿನಲ್ಲಿ ಪಸೆ ಕಂಡರೆ ಅಥವಾ ನೀರು ಗೆರೆಯಿಂದ ಎದ್ದು ಕಾಣುವಷ್ಟು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಗೋಡೆಯೊಳಗಿನ ಪೈಪುಗಳನ್ನೂ ಟೈಲ್ಸ್ ಮುಚ್ಚುವ ಮೊದಲು ಪಂಪಿನಿಂದ ಒತ್ತಡ ಹಾಕಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡಬೇಕು. ಈ ಎರಡು ದಿನ ಉಳಿಸಲು ಹೋಗಿ ವರ್ಷದ ನಂತರ ಟೈಲ್ಸ್ ಒಡೆಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ಹೊಸ ವೇಳಾಪಟ್ಟಿಯಲ್ಲಿ ಈ ಪರೀಕ್ಷೆಗೆ ಹೆಸರು ಹಿಡಿದು ಜಾಗ ಇರಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಪತ್ರದ ದಿನಾಂಕ ನವೆಂಬರ್ 10, ಸೋಮವಾರ. ಉತ್ತರಕ್ಕೆ ಒಂದು ವಾರ. ಹಂತಗಳೆಲ್ಲ ಶನಿವಾರಕ್ಕೆ ಮುಗಿಯುವಂತೆ ಮಾಲೀಕರು ಬೇಕೆಂದೇ ಇಟ್ಟಿದ್ದಾರೆ. ಹೆಚ್ಚಿನ ಕಡೆ ಕೆಲಸಗಾರರಿಗೆ ಬಟವಾಡೆ ಆಗುವುದು ಶನಿವಾರ. ಅಂದು ಕಂಟ್ರಾಕ್ಟರ್ ಸೈಟಿಗೆ ಬರುತ್ತಾರೆ, ಅವರಿಗೆ ಹಣವೂ ಬೇಕಾಗಿರುತ್ತದೆ. ಇನ್ನೊಂದು ಒತ್ತಡ ಗೃಹಪ್ರವೇಶದ್ದು. ಕಾರ್ತಿಕ ಕೈತಪ್ಪಿತು, ಧನುರ್ಮಾಸದಲ್ಲಿ ಮಾಡುವುದಿಲ್ಲ, ಹಾಗಾಗಿ ಮನೆಯವರು ಮಾಘದ ಮುಹೂರ್ತ ನೋಡುತ್ತಿದ್ದಾರೆ. ಪತ್ರ ಹೀಗಿದೆ:

"ಮಾನ್ಯರೇ,

ನಮ್ಮ ಮನೆಯ ಕೆಲಸದ ಬಗ್ಗೆ ನಾವು ಫೋನಿನಲ್ಲಿ ಹಲವು ಬಾರಿ ಮಾತಾಡಿದ್ದೇವೆ. ಮಾತು ಮರೆತುಹೋಗುತ್ತದೆ ಎಂದು ಈ ಸಲ ಬರೆದು ಕಳಿಸುತ್ತಿದ್ದೇನೆ. ಪಾಯ, ಗೋಡೆ, ಮೌಲ್ಡ್ ಕೆಲಸವನ್ನು ನೀವು ಚೆನ್ನಾಗಿ ಮಾಡಿದ್ದೀರಿ. ಮನೆಯನ್ನು ನೀವೇ ಮುಗಿಸಿಕೊಡಬೇಕೆಂಬುದು ನನ್ನ ಇಚ್ಛೆ.

ಕರಾರಿನಂತೆ 2025ರ ಸೆಪ್ಟೆಂಬರ್ 30ರೊಳಗೆ ಮನೆ ಒಪ್ಪಿಸಬೇಕಿತ್ತು. ಅಡುಗೆಮನೆಯ ಗೋಡೆ ಬದಲಾವಣೆಗೆ 9 ದಿನ, ಟೈಲ್ಸ್ ಆಯ್ಕೆಯಲ್ಲಿ ನಮ್ಮಿಂದ ಆದ ತಡಕ್ಕೆ 12 ದಿನ, ಮಳೆಗೆ 7 ದಿನ, ಹೀಗೆ 28 ದಿನಗಳನ್ನು ನಾನು ಒಪ್ಪುತ್ತೇನೆ. ಅದರಂತೆ ಅಕ್ಟೋಬರ್ 28ರೊಳಗೆ ಕೆಲಸ ಮುಗಿಯಬೇಕಿತ್ತು. ಇಂದಿಗೂ ಮುಗಿಯದ ಕೆಲಸಗಳ ಪಟ್ಟಿಯನ್ನೂ, ನಿನ್ನೆ ತೆಗೆದ ಫೋಟೋಗಳನ್ನೂ ಜೊತೆಗೆ ಇಟ್ಟಿದ್ದೇನೆ. ಪಟ್ಟಿಯಲ್ಲಿ ಏನಾದರೂ ತಪ್ಪಿದ್ದರೆ ದಯವಿಟ್ಟು ತಿದ್ದಿ ಕಳಿಸಿ.

ಅಡುಗೆಮನೆ ಬದಲಾವಣೆಗೆ ನೀವು ಕೇಳಿದ 38,000 ರೂಪಾಯಿಯನ್ನು ಒಪ್ಪಿದ್ದೇನೆ. ಅದು ಸೇರಿ ನಿಮಗೆ ಬರಬೇಕಾದ ಒಟ್ಟು ಬಾಕಿ 6,18,000 ರೂಪಾಯಿ.

ಉಳಿದ ಕೆಲಸಕ್ಕೆ ನನ್ನ ಸಲಹೆ ಇದು. ನವೆಂಬರ್ 19ಕ್ಕೆ ಗುಂಪು ಮತ್ತೆ ಸೈಟಿಗೆ ಬರಲಿ. ಎರಡು ಬದಿಯ ಹೊರಗಾರೆ ನವೆಂಬರ್ 29ಕ್ಕೆ ಮುಗಿದು, ಡಿಸೆಂಬರ್ 6ರವರೆಗೆ ಅದಕ್ಕೆ ನೀರು ಬೀಳಲಿ. ಅದೇ ಅವಧಿಯಲ್ಲಿ ಪೈಪುಗಳ ಒತ್ತಡ ಪರೀಕ್ಷೆ, ಬಚ್ಚಲುಮನೆಗಳ ವಾಟರ್‌ಪ್ರೂಫಿಂಗ್ ಮತ್ತು ಎರಡು ದಿನ ನೀರು ನಿಲ್ಲಿಸುವ ಪರೀಕ್ಷೆ ನನ್ನ ಎದುರಿಗೆ ಆಗಲಿ. ಇವೆಲ್ಲ ಸರಿ ಬಂದಾಗ ಡಿಸೆಂಬರ್ 6ರಂದು 1,00,000 ಕೊಡುತ್ತೇನೆ. ಬಚ್ಚಲುಮನೆ, ನೆಲದ ಟೈಲ್ಸ್ ಮತ್ತು ಮೆಟ್ಟಿಲಿನ ಗ್ರಾನೈಟ್ ಡಿಸೆಂಬರ್ 20ಕ್ಕೆ, ಅದಕ್ಕೆ 1,60,000. ಈ ಮೊತ್ತದಲ್ಲಿ ಟೈಲ್ಸ್ ಅಂಗಡಿಯ ಬಿಲ್ಲನ್ನು ನಾನೇ ನೇರವಾಗಿ ಕಟ್ಟುತ್ತೇನೆ, ಉಳಿದದ್ದು ನಿಮಗೆ. ಬಾಗಿಲುಗಳು ಮತ್ತು ವೈರಿಂಗ್ ಡಿಸೆಂಬರ್ 27ಕ್ಕೆ, 1,00,000. ಒಳಗೆ ಪುಟ್ಟಿ, ಪ್ರೈಮರ್ ಮತ್ತು ಮೊದಲ ಕೋಟು, ಹೊರಗೆ ಪ್ರೈಮರ್ ಮತ್ತು ಮೊದಲ ಕೋಟು ಜನವರಿ 10ಕ್ಕೆ, 90,000. ಹೊಸ ಹೊರಗಾರೆಯ ಮೇಲೆ ಡಿಸೆಂಬರ್ 29ಕ್ಕೆ ಮೊದಲು ಬಣ್ಣ ಬೇಡ. ಸ್ವಿಚ್ಚು, ಲೈಟು, ನಲ್ಲಿ, ಕಮೋಡ್ ಮತ್ತು ಕೊನೆಯ ಕೋಟು ಜನವರಿ 24ಕ್ಕೆ, 68,000. ಸಂಕ್ರಾಂತಿಯ ರಜೆಯನ್ನು ಇದರಲ್ಲಿ ಲೆಕ್ಕ ಹಾಕಿದ್ದೇನೆ. ಆಮೇಲೆ ಒಂದು ವಾರ ನಾವಿಬ್ಬರೂ ಸೇರಿ ಕೋಣೆಕೋಣೆ ನೋಡಿ, ಉಳಿದ ಸಣ್ಣಪುಟ್ಟ ಕೆಲಸ ಬರೆದುಕೊಂಡು ಮುಗಿಸೋಣ. 2026ರ ಜನವರಿ 31ರಂದು ಕೀಲಿ ಒಪ್ಪಿಸಿದಾಗ ಕೊನೆಯ 1,00,000.

ಪ್ರತಿ ಹಂತದ ಹಣ, ಕೆಲಸ ನೋಡಿ ಮೂರು ದಿನದೊಳಗೆ ನಿಮ್ಮ ಖಾತೆಗೆ ಬರುತ್ತದೆ. ಬಣ್ಣಗಳನ್ನು ಡಿಸೆಂಬರ್ 1ಕ್ಕೆ, ಸ್ವಿಚ್ಚು ಮತ್ತು ನಲ್ಲಿಗಳ ಮಾದರಿಯನ್ನು ಡಿಸೆಂಬರ್ 6ಕ್ಕೆ ನಾನು ತಿಳಿಸುತ್ತೇನೆ. ನನ್ನಿಂದ ತಡವಾದರೆ ಅಷ್ಟು ದಿನ ನಿಮಗೆ ಹೆಚ್ಚು ಸಿಗುತ್ತದೆ. ಮಳೆಯಿಂದ ಹೊರಗಿನ ಕೆಲಸ ನಿಂತರೆ ಅದೇ ದಿನ ನನಗೆ ವಾಟ್ಸ್‌ಆ್ಯಪ್ ಮಾಡಿ, ಹೊರಗಿನ ಕೆಲಸಕ್ಕೆ ಅಷ್ಟು ದಿನ ಸೇರಿಸೋಣ. ಪ್ರತಿ ಶನಿವಾರ ಸಂಜೆ ಐದಕ್ಕೆ ನಾನು ಸೈಟಿನಲ್ಲಿ ಇರುತ್ತೇನೆ. ನೀವೂ ಬರಬೇಕು.

ಈ ಹೊಸ ವೇಳೆಗೆ ನಾನು ಒಪ್ಪಿರುವುದರಿಂದ ಈವರೆಗಿನ ತಡದ ನಷ್ಟ ಕೇಳುವ ಹಕ್ಕನ್ನು ಬಿಟ್ಟಿದ್ದೇನೆ ಎಂದು ತಿಳಿಯಬಾರದು. ಅಕ್ಟೋಬರ್ 29ರಿಂದ ಮನೆ ಒಪ್ಪಿಸುವ ದಿನದವರೆಗೆ ನಾನು ಕಟ್ಟುತ್ತಿರುವ ತಿಂಗಳ ಬಾಡಿಗೆ 18,000 ರೂಪಾಯಿಯನ್ನು ನಿಮ್ಮಿಂದ ಪರಿಹಾರವಾಗಿ ಕೇಳುವ ಉದ್ದೇಶ ನನಗಿದೆ. ಜನವರಿ 31ರೊಳಗೆ ಮನೆ ಮುಗಿದು ಕೀಲಿ ಕೈಗೆ ಬಂದರೆ ಆ ಹಣವನ್ನು ನಾನು ಪೂರ್ತಿ ಬಿಡುತ್ತೇನೆ. ಜನವರಿ 31ನ್ನು ಇಬ್ಬರೂ ಮೀರಬಾರದ ದಿನ ಎಂದು ಇಟ್ಟುಕೊಳ್ಳೋಣ. ಅಷ್ಟರೊಳಗೆ ಮುಗಿಯದಿದ್ದರೆ ಉಳಿದ ಕೆಲಸವನ್ನು ಬೇರೆಯವರಿಂದ ಮಾಡಿಸಿ, ಹೆಚ್ಚಾದ ಖರ್ಚನ್ನು ನಿಮ್ಮಿಂದ ಕೇಳಬೇಕಾಗುತ್ತದೆ.

ಇದರಲ್ಲಿ ಯಾವ ದಿನಾಂಕ ನಿಮಗೆ ಆಗುವುದಿಲ್ಲವೋ ಅದನ್ನು ಕಾರಣ ಸಮೇತ ನವೆಂಬರ್ 17ರೊಳಗೆ ಬರೆದು ತಿಳಿಸಿ. ಒಪ್ಪಿಗೆ ಇದ್ದರೆ ಜೊತೆಗಿನ ಪ್ರತಿಗೆ ಸಹಿ ಹಾಕಿ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ."

ಈ ಪತ್ರದಲ್ಲಿ ಬಾಡಿಗೆಯನ್ನು ಬಿಡುತ್ತೇನೆ ಎಂಬ ಮಾತು ಬರೀ ಔದಾರ್ಯವಲ್ಲ. ಮೂರು ತಿಂಗಳ ಬಾಡಿಗೆ ಎಂದರೆ 54,000 ರೂಪಾಯಿ ದಾಟುತ್ತದೆ. ಈ ಹಂತದಲ್ಲಿ ಕಂಟ್ರಾಕ್ಟರಿಗೆ ಉಳಿಯುವ ಲಾಭವೇ ಚಿಕ್ಕದು, ಹಾಗಾಗಿ ಅವರು ಈ ಮೊತ್ತವನ್ನು ಎಣಿಸಿಯೇ ಎಣಿಸುತ್ತಾರೆ. ಗಡುವಿನೊಳಗೆ ಮುಗಿಸಿದರೆ ಅದು ಅವರ ಕೈಯಲ್ಲೇ ಉಳಿಯುತ್ತದೆ. ನಷ್ಟವೆಂದು ಬಾಡಿಗೆಯೊಂದನ್ನೇ ಆರಿಸಿಕೊಂಡದ್ದಕ್ಕೂ ಕಾರಣ ಇದೆ. ಕರಾರು ಕಾಯ್ದೆಯ 73ನೇ ಕಲಂ ಕೊಡುವುದು ಕರಾರು ಮುರಿದದ್ದರಿಂದ ಸಹಜವಾಗಿ ಆಗುವ ನಷ್ಟಕ್ಕೆ, ಅಥವಾ ಹೀಗೆ ಆಗಬಹುದೆಂದು ಕರಾರಿನ ಹೊತ್ತಿಗೇ ಇಬ್ಬರಿಗೂ ಗೊತ್ತಿದ್ದ ನಷ್ಟಕ್ಕೆ. ಮನೆ ತಡವಾದರೆ ಬಾಡಿಗೆ ಮುಂದುವರಿಯುತ್ತದೆ ಎಂಬುದು ಯಾರಿಗೂ ಗೊತ್ತು, ರಸೀದಿಯೂ ಇರುತ್ತದೆ. ಬ್ಯಾಂಕ್ ಸಾಲದ ಬಡ್ಡಿಯನ್ನೂ ಸೇರಿಸೋಣ ಎಂದು ಹಲವರಿಗೆ ಅನ್ನಿಸುತ್ತದೆ. ಮನೆ ಸಕಾಲಕ್ಕೆ ಮುಗಿದಿದ್ದರೂ ಆ ಬಡ್ಡಿ ಕಟ್ಟಲೇಬೇಕಿತ್ತಲ್ಲ ಎಂಬ ಪ್ರಶ್ನೆ ಬಂದಾಗ ಆ ಬೇಡಿಕೆ ನಿಲ್ಲುವುದು ಕಷ್ಟ. ಮಾನಸಿಕ ಹಿಂಸೆ, ನೆಂಟರ ಮುಂದೆ ಅವಮಾನ ಇತ್ಯಾದಿಗಳನ್ನು ಈ ಪತ್ರದಲ್ಲಿ ಬರೆಯದಿರುವುದು ಒಳ್ಳೆಯದು. ಅವು ನಿಜವಾದ ನೋವುಗಳೇ, ಆದರೆ ಇಲ್ಲಿ ಓದುವವರ ಗಮನವನ್ನು ದಿನಾಂಕಗಳಿಂದ ಆಚೆ ಎಳೆಯುತ್ತವೆ.

ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕರಾರಿನಲ್ಲಿರುವ ವಿಳಾಸಕ್ಕೆ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು, ಅದರ ಫೋಟೋವನ್ನು ವಾಟ್ಸ್‌ಆ್ಯಪಿನಲ್ಲೂ ಹಾಕಬೇಕು. ಕಂಟ್ರಾಕ್ಟರ್ ಸಹಿ ಹಾಕದೆ, ಆಯ್ತು ಸರ್ ಎಂದು ಒಂದು ಸಂದೇಶ ಕಳಿಸಿ ನವೆಂಬರ್ 19ಕ್ಕೆ ಗುಂಪನ್ನು ತಂದರೆ ಅದೂ ಒಪ್ಪಿಗೆಯ ಸಾಕ್ಷಿಯಾಗಿ ಉಪಯೋಗಕ್ಕೆ ಬರುತ್ತದೆ. ಆ ಸಂದೇಶವನ್ನು ಅಳಿಸಬಾರದು, ಫೋನು ಬದಲಾಯಿಸುವಾಗಲೂ ಕಳೆದುಕೊಳ್ಳಬಾರದು. ಅವರು ಎರಡು ದಿನಾಂಕ ಬದಲಿಸಿ ಕೇಳಿದರೆ ಕಾರಣ ನೋಡಿ ಒಪ್ಪುವುದರಲ್ಲಿ ತಪ್ಪಿಲ್ಲ. ಕಂಟ್ರಾಕ್ಟರೇ ಹೇಳಿದ ದಿನಾಂಕಕ್ಕೆ ಅವರು ಹೆಚ್ಚು ಬದ್ಧರಾಗಿರುತ್ತಾರೆ. ಒಪ್ಪಬಾರದ್ದು ಎರಡೇ: ಪರೀಕ್ಷೆ ಮತ್ತು ಕ್ಯೂರಿಂಗಿನ ದಿನಗಳನ್ನು ಕತ್ತರಿಸುವುದು, ಹಣವನ್ನು ಕೆಲಸಕ್ಕಿಂತ ಮುಂದೆ ಕೊಡುವುದು.

ಹೊಸ ವೇಳಾಪಟ್ಟಿ ನಡೆಯುತ್ತಿದೆಯೇ ಎಂದು ತಿಳಿಯಲು ಜನವರಿಯವರೆಗೆ ಕಾಯಬೇಕಾಗಿಲ್ಲ. ಡಿಸೆಂಬರ್ 6ರ ಶನಿವಾರವೇ ಬಹುಪಾಲು ಹೇಳಿಬಿಡುತ್ತದೆ. ಶೇಕಡಾ ಎಂಬತ್ತು ಆಗಿದೆ ಸರ್ ಎಂಬ ಮಾತನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಾರದು, ಹಂತ ಮುಗಿದಿದೆ ಅಥವಾ ಇಲ್ಲ. ಸೈಟಿನಲ್ಲಿ ಪ್ರತಿದಿನ ಎಷ್ಟು ಜನ ಇದ್ದರು, ಯಾವ ಕೆಲಸದವರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದರೆ ಸಾಕು. ಟೈಲ್ಸ್ ಕೆಲಸದ ವಾರದಲ್ಲಿ ಮೂರು ದಿನ ಯಾರೂ ಬಂದಿಲ್ಲ ಎಂದರೆ ಡಿಸೆಂಬರ್ 20ರ ಗಡುವು ತಪ್ಪುತ್ತದೆ ಎಂದು ಅಂದೇ ಗೊತ್ತಾಗುತ್ತದೆ, ಅಂದೇ ಬರೆದು ತಿಳಿಸಬಹುದು.

ಗೃಹಪ್ರವೇಶದ ವಿಷಯದಲ್ಲಿ ಎಚ್ಚರ ಬೇಕು. ಮುಹೂರ್ತ ಹತ್ತಿರ ಬಂದಾಗ ಒಂದು ಕೋಣೆ, ಅಡುಗೆಮನೆ, ಒಂದು ಬಚ್ಚಲು ಹೇಗೋ ಮುಗಿಸಿ ಹಾಲು ಉಕ್ಕಿಸುವುದು ನಮ್ಮಲ್ಲಿ ಸಾಮಾನ್ಯ. ಅಂದು ಕಂಟ್ರಾಕ್ಟರಿಗೆ ಪಂಚೆ ಶಲ್ಯ ಕೊಟ್ಟು, ಸಂತೋಷದಲ್ಲಿ ಕೊನೆಯ ಹಣವನ್ನೂ ಕೊಟ್ಟವರಿದ್ದಾರೆ. ಕಂಟ್ರಾಕ್ಟರ್ ಪುಸ್ತಕದಲ್ಲಿ ಆ ಮನೆ ಅಂದಿಗೆ ಮುಗಿಯಿತು. ಪೂಜೆ ಮಾಡಲೇಬೇಕಾದರೆ ಮಾಡಲಿ, ಉಡುಗೊರೆಯೂ ಕೊಡಲಿ. ಕೊನೆಯ ಕಂತು ಮಾತ್ರ ಉಳಿದ ಕೆಲಸಗಳ ಪಟ್ಟಿಯ ಕೊನೆಯ ಸಾಲಿಗೆ ಗೆರೆ ಬೀಳುವವರೆಗೆ ಮಾಲೀಕರ ಕೈಯಲ್ಲೇ ಇರಲಿ. ಪೂಜೆಯ ಹಿಂದಿನ ದಿನ ಕಂಟ್ರಾಕ್ಟರಿಗೆ ಎರಡು ಸಾಲು ಬರೆದು, ಇದು ಮನೆಯನ್ನು ವಶಕ್ಕೆ ತೆಗೆದುಕೊಂಡಂತಲ್ಲ, ಬಾಕಿ ಕೆಲಸ ಹೀಗಿದೆ ಎಂದು ತಿಳಿಸಿದರೆ ಮುಂದಿನ ಗೊಂದಲ ತಪ್ಪುತ್ತದೆ.

ಪತ್ರಕ್ಕೆ ಉತ್ತರವೇ ಬರದಿದ್ದರೆ? ಮನೆ ಕಟ್ಟಿಸುವವರು ಹೆಚ್ಚಾಗಿ ರೇರಾ ಕಡೆ ನೋಡುತ್ತಾರೆ. ಆದರೆ ಅದು ಕಟ್ಟಿ ಮಾರುವ ಬಿಲ್ಡರುಗಳ ಯೋಜನೆಗಳಿಗೆ. ಸ್ವಂತ ಸೈಟಿನಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸುವವರ ಜಗಳ ಅಲ್ಲಿಗೆ ಹೋಗುವುದಿಲ್ಲ. ಅವರಿಗೆ ದಾರಿ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸೇವೆ ಎಂಬುದರೊಳಗೆ ಮನೆ ನಿರ್ಮಾಣವೂ ಸೇರಿದೆ. ಸೇವೆಗೆ ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬಹುದು, ನಮ್ಮ ಉದಾಹರಣೆಯ ಮನೆ ಆ ಮಿತಿಯೊಳಗೆ ಬರುತ್ತದೆ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿಗೆ ಹೋಗುವುದು ಬೇಗ ಮುಗಿಯುವ ಕೆಲಸವಲ್ಲ, ಮನೆಯನ್ನಂತೂ ಆಯೋಗ ಕಟ್ಟಿಕೊಡುವುದಿಲ್ಲ. ಅದಕ್ಕಾಗಿಯೇ ಪತ್ರ ಮೊದಲ ಪ್ರಯತ್ನ.

ಬೇರೆಯವರನ್ನು ಕರೆತರಲೇಬೇಕಾದ ದಿನ ಬಂದರೆ, ಹೊಸ ಮೇಸ್ತ್ರಿ ಕರಣೆ ಹಿಡಿಯುವ ಮೊದಲು ಇದ್ದದ್ದು ಇದ್ದ ಹಾಗೆ ದಾಖಲಾಗಬೇಕು. ಇಂಥ ದಿನ ಇಂಥ ಹೊತ್ತಿಗೆ ಅಳತೆ ಆಗುತ್ತದೆ, ಬನ್ನಿ ಎಂದು ಹಳೆಯ ಕಂಟ್ರಾಕ್ಟರಿಗೆ ಬರೆದು ತಿಳಿಸಬೇಕು. ಅವರು ಬಂದರೂ ಬರದಿದ್ದರೂ ಸಂಬಂಧವಿಲ್ಲದ ಎಂಜಿನಿಯರ್ ಒಬ್ಬರು ಕೋಣೆಕೋಣೆಯ ಅಳತೆ ಹಿಡಿದು, ಫೋಟೋ ತೆಗೆದು, ಎಷ್ಟು ಕೆಲಸ ಆಗಿದೆ, ಎಷ್ಟು ಬಾಕಿ, ಅದಕ್ಕೆ ಎಷ್ಟು ಖರ್ಚು ಎಂದು ಸಹಿ ಹಾಕಿ ಕೊಡಬೇಕು. ಹೊಸ ಗಾರೆ ಹಳೆಯ ಗೋಡೆಯನ್ನು ಮುಚ್ಚಿದ ಮೇಲೆ ಯಾರು ಎಲ್ಲಿ ನಿಲ್ಲಿಸಿದ್ದರು ಎಂದು ತೋರಿಸಲು ಏನೂ ಉಳಿಯುವುದಿಲ್ಲ. 6,18,000ಕ್ಕೂ 7,40,000ಕ್ಕೂ ನಡುವಿನ 1,22,000 ರೂಪಾಯಿಯನ್ನು ಕೇಳಲು ಆಗ ಮಾಲೀಕರ ಬಳಿ ಇರುವ ಆಧಾರ ನವೆಂಬರ್ ಹತ್ತರ ಪತ್ರ, ಅದರ ಜೊತೆಗಿನ ಪಟ್ಟಿ ಮತ್ತು ಈ ಅಳತೆಯ ಹಾಳೆಗಳು.